ಚಿಕ್ಕಿಗೆ ಔಷಧಿ ಹಾಕಿದ್ದು ಯಾರು?

ಜುಲೈ ಮೊದಲ ವಾರದ ಒಂದು ಬೆಳಿಗ್ಗೆ ಚಿಕ್ಕಿ ತನ್ನ ತಟ್ಟೆಯನ್ನು ಮೂಸಿ ನೋಡಿ, ಹಾಗೇ ತಿರುಗಿ ಹೋಗಿ ಬಾಗಿಲ ಸಂದಿಯಲ್ಲಿ ಮಲಗಿಬಿಟ್ಟಿತು. ತಟ್ಟೆಯಲ್ಲಿದ್ದದ್ದು ಕೋಳಿ ಬೇಯಿಸಿದ ನೀರಿನಲ್ಲಿ ಕಲಸಿದ ಅನ್ನ. ಹದಿನಾಲ್ಕು ತಿಂಗಳ ಆ ನಾಯಿ ಅಲ್ಲಿಯವರೆಗೆ ಒಂದು ಹೊತ್ತಿನ ಊಟವನ್ನೂ ಬಿಟ್ಟಿದ್ದಿಲ್ಲ. ಹತ್ತಿರ ಕೂತು ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣಕ್ಕಿರಬೇಕಾದ ಒಸಡು ಬಿಳಚಿಕೊಂಡಿತ್ತು. ಕಿವಿಯ ಒಳಮಡಿಕೆಯಲ್ಲಿ ರಕ್ತ ಕುಡಿದು ಹೆಸರುಕಾಳಿನಷ್ಟು ದಪ್ಪಗಾದ ಎರಡು ಉಣುಗು ಕಚ್ಚಿಕೊಂಡಿದ್ದವು.

ಉಣುಗು ಎಂದರೆ ಉಣ್ಣೆ. ನಾನೂ ನನ್ನ ಗೆಳತಿಯೂ ಶಿವಮೊಗ್ಗ ಜಿಲ್ಲೆಯವರು, ಮಂಗನ ಕಾಯಿಲೆಯ ಸೀಮೆಯವರು. ಬೇಸಿಗೆಯಲ್ಲಿ ಕಾಡಿಗೆ ಹೋಗಿಬಂದವರ ಮೈಮೇಲೆ ಉಣುಗು ಹತ್ತಿದೆಯೇ ಎಂದು ನೋಡುವುದನ್ನು ಚಿಕ್ಕಂದಿನಿಂದ ಕಂಡವರು. ಹಾಗಿದ್ದೂ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾವೇ ತಂದು ಸಾಕಿದ ನಾಯಿಯ ಕಿವಿಯಲ್ಲಿ ಅದು ಕಾಣಿಸಿತು.

‘ಔಷಧಿ ಹಾಕಿದ್ಯಲ್ಲೇ?’ ಎಂದು ಕೇಳಿದೆ.

‘ನಾನಾ? ನೀನು ಹಾಕಿದ್ದೆ ಅಂದ್ಕೊಂಡಿದ್ನಲ್ಲ ಮಾರಾಯ್ತಿ!’

ಪ್ರತಿ ತಿಂಗಳ ಒಂದನೇ ತಾರೀಖು ಚಿಕ್ಕಿಯ ಹೆಗಲಿನ ನಡುವೆ ಕೂದಲು ಬಿಡಿಸಿ, ಚರ್ಮದ ಮೇಲೆ ಉಣುಗಿನ ಔಷಧಿಯ ಒಂದು ಪುಟ್ಟ ಟ್ಯೂಬು ಖಾಲಿ ಮಾಡಬೇಕಿತ್ತು. ಸಮಪಾಲು ಎಂದು ನಾವು ಸರದಿ ಮಾಡಿಕೊಂಡಿದ್ದೆವು. ಬೆಸ ತಿಂಗಳು ನನ್ನದು, ಸಮ ತಿಂಗಳು ಅವಳದು. ಮೇ ಒಂದರಂದು ನಾನು ಹಾಕಿದ್ದೆ. ಜೂನ್ ಒಂದರಂದು ಅವಳು ಊರಲ್ಲಿದ್ದಳು. ತಾನಿಲ್ಲದ್ದರಿಂದ ನಾನೇ ಹಾಕಿರುತ್ತೇನೆ ಎಂದು ಅವಳ ಎಣಿಕೆ. ಬಂದ ಮೇಲೆ ಅವಳೇ ಹಾಕಿರುತ್ತಾಳೆ ಎಂದು ನನ್ನ ಎಣಿಕೆ. ಜುಲೈ ಒಂದು ನನ್ನ ಸರದಿ ಎಂಬುದು ನೆನಪಿತ್ತು. ಆದರೆ ಜೂನ್ ಮಧ್ಯದಲ್ಲಿ ಅವಳು ಹಾಕಿದ್ದರೆ ಜುಲೈ ಮಧ್ಯದವರೆಗೆ ಕಾಯಬಹುದಲ್ಲ ಎಂದು ಮುಂದೂಡಿದೆ. ಹೀಗೆ ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿದ್ದಾಗಲೇ ಒಂಬತ್ತು ವಾರ ನಾಯಿಗೆ ಔಷಧಿ ಇರಲಿಲ್ಲ.

ಇಬ್ಬರು ಸೇರಿ ಒಂದು ಪ್ರಾಣಿಯನ್ನು ಮನೆಗೆ ತರುವವರಿಗೆ ಹೇಳಬೇಕಾದ ಮುಖ್ಯ ಸಂಗತಿ ನನ್ನ ಮಟ್ಟಿಗೆ ಈ ಒಂಬತ್ತು ವಾರದಲ್ಲೇ ಇದೆ. ನಾವು ಕೆಲಸವನ್ನು ಹಂಚಿಕೊಂಡಿದ್ದೆವು, ಆ ಕೆಲಸವನ್ನು ನೆನಪಿಡುವ ಹೊಣೆಯನ್ನು ಯಾರಿಗೂ ಕೊಟ್ಟಿರಲಿಲ್ಲ. ಗಂಡ ಹೆಂಡತಿ, ಅಣ್ಣ ತಮ್ಮ, ಒಂದೇ ಮನೆಯಲ್ಲಿರುವ ಸ್ನೇಹಿತರು, ಯಾರು ತಂದರೂ ಆಗುವುದು ಹೆಚ್ಚುಕಡಿಮೆ ಇದೇ.

ಚಿಕ್ಕಿ ನಮ್ಮ ಮನೆಗೆ ಬಂದದ್ದು ಅದರ ಹಿಂದಿನ ಜುಲೈಯಲ್ಲಿ. ಎರಡೂವರೆ ತಿಂಗಳ ನಾಟಿ ಹೆಣ್ಣುಮರಿ, ಹಣೆಯ ಮೇಲೆ ಬಿಳಿ ಚುಕ್ಕೆ. ಬೀದಿಯಿಂದ ಎತ್ತಿ ತಂದ ಮರಿಗಳನ್ನು ಮನೆಯಲ್ಲಿಟ್ಟುಕೊಂಡು, ಸಾಕುವವರನ್ನು ಹುಡುಕಿ ಕೊಡುವ ಒಬ್ಬ ಹೆಂಗಸು ನಮ್ಮ ಬಡಾವಣೆಯಲ್ಲಿದ್ದರು. ಆಧಾರ್ ಪ್ರತಿ, ಮನೆ ಮಾಲೀಕರು ಒಪ್ಪಿದ್ದಾರೆಂಬ ಪತ್ರ, ಆರು ತಿಂಗಳಾದ ಮೇಲೆ ಮಕ್ಕಳಾಗದ ಆಪರೇಷನ್ ಮಾಡಿಸುತ್ತೇವೆಂಬ ಮುಚ್ಚಳಿಕೆ, ಎಲ್ಲವನ್ನೂ ಕೇಳಿದರು. ಆಮೇಲೆ ಒಂದು ಮಾತು ಹೇಳಿದರು: ‘ಈಗಲೇ ಸಹಿ ಹಾಕಬೇಡಿ. ಹದಿನೈದು ದಿನ ಇಟ್ಕೊಂಡು ನೋಡಿ. ಆಗಲಿಲ್ಲ ಅಂದ್ರೆ ನಾನೇ ಬಂದು ವಾಪಸ್ ಕರ್ಕೊಂಡು ಹೋಗ್ತೀನಿ, ಏನೂ ಅಂದ್ಕೊಳ್ಳಲ್ಲ.’

ಆ ಹದಿನೈದು ದಿನವೇ ನಮ್ಮ ಪಾಠಶಾಲೆ. ಮರಿಗೆ ದಿನಕ್ಕೆ ನಾಲ್ಕು ಹೊತ್ತು ಊಟ. ಆ ವಯಸ್ಸಿನ ಮರಿ ಮೂತ್ರ ತಡೆಯುವುದು ಹೆಚ್ಚೆಂದರೆ ಮೂರು ಗಂಟೆ, ರಾತ್ರಿಯೂ ಒಮ್ಮೆ ಎದ್ದು ಹೊರಗೆ ಕರೆದೊಯ್ಯಬೇಕು. ಚುಚ್ಚುಮದ್ದಿನ ಸರಣಿ ಮುಗಿಯುವವರೆಗೆ ಬೀದಿಯ ಮಣ್ಣಿಗೆ ಬಿಡುವಂತಿಲ್ಲ. ಪಾರ್ವೊ ಎಂಬ ರಕ್ತಭೇದಿಯ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆ ಪೂರ್ತಿಯಾಗದ ಮರಿಯನ್ನು ಎರಡು ಮೂರು ದಿನದಲ್ಲೇ ಕೊಂದುಬಿಡಬಲ್ಲದು. ಹಾಗಾಗಿ ನಮ್ಮ ಮೇಲ್ಚಾವಣಿಯೇ ಅದರ ಶೌಚಾಲಯ. ಹೋಗುವುದು, ಬರುವುದು, ತೊಳೆಯುವುದು. ನಾನು ಕೆಲಸ ಮುಗಿಸಿ ಮನೆ ಸೇರುವುದು ರಾತ್ರಿ ಎಂಟಕ್ಕೆ. ಗೆಳತಿ ಶಾಲೆಯಲ್ಲಿ ಟೀಚರು, ನಾಲ್ಕೂವರೆಗೆ ಮನೆಯಲ್ಲಿರುತ್ತಾಳೆ. ಮಧ್ಯಾಹ್ನದ ಎರಡು ಸುತ್ತಿಗೆ ಕೆಳಮನೆಯ ಅಜ್ಜಿಯನ್ನು ಒಪ್ಪಿಸಿದ್ದೆವು.

ಒಂದು ಇನ್ನೂರು ಪುಟದ ನೋಟುಬುಕ್ಕು ತಂದು, ಯಾರು ಏನು ಮಾಡಿದರು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯುತ್ತ ಹೋದೆವು. ಹದಿನಾಲ್ಕನೇ ದಿನ ಪುಸ್ತಕ ಮುಚ್ಚಿಟ್ಟು, ಒಟ್ಟು ಕೆಲಸದಲ್ಲಿ ನನ್ನ ಪಾಲು ನೂರಕ್ಕೆ ಎಷ್ಟಿರಬಹುದು ಎಂದು ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದೆವು. ನನ್ನ ಚೀಟಿಯಲ್ಲಿ 55, ಅವಳದರಲ್ಲಿ 65. ಕೂಡಿದರೆ 120. ಪುಸ್ತಕ ತೆರೆದು ಲೆಕ್ಕ ಹಾಕಿದಾಗ ಒಟ್ಟು 32 ಗಂಟೆಯಲ್ಲಿ ಅವಳದು 19, ನನ್ನದು 13. ಅಂದರೆ ಅವಳದು 59, ನನ್ನದು 41.

ಇದು ನಮ್ಮಿಬ್ಬರ ದೋಷ ಮಾತ್ರವಲ್ಲ ಎಂದು ಆಮೇಲೆ ತಿಳಿಯಿತು. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕೆನಡಾದಲ್ಲಿ ದಂಪತಿಗಳನ್ನು ಹೀಗೆಯೇ ಕೇಳಿ ನೋಡಿದ್ದರು. ಮನೆಗೆಲಸದಲ್ಲಿ ಗಂಡ ಹೇಳಿದ ತನ್ನ ಪಾಲನ್ನೂ ಹೆಂಡತಿ ಹೇಳಿದ ತನ್ನ ಪಾಲನ್ನೂ ಕೂಡಿದಾಗ ಹೆಚ್ಚಿನ ಜೋಡಿಗಳಲ್ಲಿ ಮೊತ್ತ ಪೂರ್ಣಕ್ಕಿಂತ ಹೆಚ್ಚಾಗುತ್ತಿತ್ತು. ಯಾರೂ ಸುಳ್ಳು ಹೇಳಿದ್ದಲ್ಲ. ನಾನು ರಾತ್ರಿ ಎರಡಕ್ಕೆ ಎದ್ದದ್ದು ನನ್ನ ಮೈಗೆ ನೆನಪಿರುತ್ತದೆ. ಅವಳು ಐದಕ್ಕೆ ಎದ್ದಾಗ ನಾನು ನಿದ್ದೆಯಲ್ಲಿದ್ದೆ, ಅದು ನನ್ನ ನೆನಪಿನಲ್ಲಿ ಇರುವುದಾದರೂ ಹೇಗೆ? ಆದ್ದರಿಂದ ಹೊಸದಾಗಿ ತರುವವರು ಮೊದಲ ಎರಡು ವಾರವಾದರೂ ಬರೆದಿಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬರವಣಿಗೆ ಇಲ್ಲದೆ ಕೂತು ಮಾತಾಡಿದರೆ ಇಬ್ಬರಿಗೂ ಅನ್ಯಾಯವಾಗಿದೆ ಎಂದೇ ಅನ್ನಿಸುತ್ತದೆ, ಇಬ್ಬರೂ ಪ್ರಾಮಾಣಿಕರಾಗಿಯೇ ಇರುತ್ತಾರೆ.

ಆದರೂ ನಮ್ಮ ಪುಸ್ತಕದಲ್ಲಿ ಒಂದು ದೊಡ್ಡ ಕೊರತೆಯಿತ್ತು. ಕೈ ಮಾಡಿದ ಕೆಲಸವನ್ನೆಲ್ಲ ಬರೆದಿದ್ದೆವು, ತಲೆ ಮಾಡಿದ್ದನ್ನು ಬರೆದಿರಲಿಲ್ಲ. ಜಂತುಹುಳದ ಔಷಧಿ ಎಂದು ಎಂದು ನೆನಪಿಡುವುದು, ಅಕ್ಕಿ ಮುಗಿಯುವ ಮೊದಲೇ ತರುವುದು, ಡಾಕ್ಟರಿಗೆ ಫೋನು ಮಾಡಿ ಹೊತ್ತು ಗೊತ್ತುಮಾಡುವುದು, ಇಬ್ಬರೂ ಊರಿಗೆ ಹೋಗುವ ಹಬ್ಬಕ್ಕೆ ನಾಯಿಯನ್ನು ಎಲ್ಲಿ ಬಿಡುವುದೆಂದು ಒಂದು ತಿಂಗಳು ಮುಂಚೆ ವಿಚಾರಿಸುವುದು. ಇವು ಯಾವುವೂ ಗಂಟೆಯ ಲೆಕ್ಕಕ್ಕೆ ಸಿಗುವುದಿಲ್ಲ. ಮೊದಲ ವರ್ಷ ಇದನ್ನೆಲ್ಲ ಹೆಚ್ಚಾಗಿ ಅವಳೇ ಮಾಡುತ್ತಿದ್ದಳು, ನನಗದು ಕಾಣಿಸಿಯೇ ಇರಲಿಲ್ಲ. ಅವಳು ಹತ್ತು ದಿನ ಊರಿಗೆ ಹೋದಾಗ ಆ ನೆನಪೂ ಅವಳ ಜೊತೆಗೇ ಊರಿಗೆ ಹೋಯಿತು.

ಜುಲೈಯ ಆ ಬೆಳಿಗ್ಗೆಗೆ ಮರಳುತ್ತೇನೆ. ಆಸ್ಪತ್ರೆಯಲ್ಲಿ ಥರ್ಮಾಮೀಟರ್ 104 ಡಿಗ್ರಿ ತೋರಿಸಿತು. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5ರವರೆಗೆ ಸಹಜವೇ. 104 ಎಂದರೆ ಜ್ವರ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ 40 ಸಾವಿರ. ಆರೋಗ್ಯವಂತ ನಾಯಿಗೆ ಸುಮಾರು ಎರಡು ಲಕ್ಷದ ಮೇಲಿರಬೇಕು. ಡಾಕ್ಟರು ಎರ್ಲಿಕಿಯಾ ಎಂದರು. ಉಣುಗು ಕಚ್ಚಿದಾಗ ರಕ್ತಕ್ಕೆ ಸೇರುವ, ಬಿಳಿ ರಕ್ತಕಣದೊಳಗೆ ಮನೆಮಾಡುವ ಬ್ಯಾಕ್ಟೀರಿಯಾ. ಆಡುಮಾತಿನಲ್ಲಿ ಟಿಕ್ ಫೀವರ್. ಇನ್ನೂ ತಡವಾಗಿದ್ದರೆ ಮೂಗಿನಿಂದ ರಕ್ತ ಸುರಿಯಲು ಶುರುವಾಗುತ್ತಿತ್ತಂತೆ. ಗ್ಲೂಕೋಸ್ ಹಾಕಿಸಿ, ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರು. ದಿನಕ್ಕೆರಡು, 28 ದಿನ.

ಈ 28 ದಿನದಲ್ಲಿ ಎರಡು ಅಪಾಯವಿದೆ ಎಂದು ಅವರೇ ಎಚ್ಚರಿಸಿದರು. ಮೂರು ನಾಲ್ಕು ದಿನಕ್ಕೆ ನಾಯಿ ಎದ್ದು ಬಾಲ ಆಡಿಸುತ್ತದೆ, ಆಗ ಜನ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಕಾಯಿಲೆ ಒಳಗೇ ಉಳಿದು ತಿಂಗಳುಗಳ ನಂತರ ಮರಳಿ ಬರುತ್ತದೆ. ಎರಡನೆಯದು, ಇಬ್ಬರಿರುವ ಮನೆಯಲ್ಲಿ ಒಂದೋ ಎರಡು ಸಲ ಮಾತ್ರೆ ಹೋಗುತ್ತದೆ, ಇಲ್ಲ ಒಂದೂ ಹೋಗುವುದಿಲ್ಲ. ಗೆಳತಿ ಶಾಲೆಯಿಂದ ಒಂದು ಡ್ರಾಯಿಂಗ್ ಹಾಳೆ ತಂದು 56 ಮನೆಗಳ ಚೌಕ ಗೀಚಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಮಾತ್ರೆ ನುಂಗಿಸಿದವರು ಆ ಮನೆಯಲ್ಲಿ ತಮ್ಮ ಹೆಸರಿನ ಮೊದಲಕ್ಷರ ಬರೆಯಬೇಕು. ಬರೆಯುವುದು ನುಂಗಿಸಿದ ಮೇಲೆ, ಮೊದಲಲ್ಲ. ಮೊದಲೇ ಬರೆದಿಟ್ಟು ಆಮೇಲೆ ಮೊಟ್ಟೆಯಲ್ಲಿ ಮುಚ್ಚಿ ಕೊಟ್ಟ ಮಾತ್ರೆಯನ್ನು ಚಿಕ್ಕಿ ಸೋಫಾದ ಹಿಂದೆ ಉಗಿದದ್ದು ಒಂಬತ್ತನೇ ದಿನ ಪೊರಕೆಗೆ ಸಿಕ್ಕಿತು. ಅಂದಿನಿಂದ ಖಾಲಿ ಹೊಟ್ಟೆಗೆ ಕೊಡದೆ ಊಟದ ಜೊತೆ ಕೊಟ್ಟು, ಮೇಲೆ ನೀರು ಕುಡಿಸಿ, ಬಾಯಿ ತೆರೆಸಿ ನೋಡಿ ಆಮೇಲೆ ಅಕ್ಷರ.

ಆ ಚೌಕ ನೋಡುತ್ತ ನೋಡುತ್ತ ನಾವು ಸರದಿಯ ಪದ್ಧತಿಯನ್ನೇ ಕೈಬಿಟ್ಟೆವು. ಅದರ ಬದಲು ಒಂದೊಂದು ಬಾಬತ್ತನ್ನು ಬುಡದಿಂದ ತುದಿಯವರೆಗೆ ಒಬ್ಬರಿಗೇ ಒಪ್ಪಿಸಿದೆವು. ಔಷಧಿ, ಲಸಿಕೆ, ಡಾಕ್ಟರು ಅವಳಿಗೆ. ತಾರೀಖು ನೆನಪಿಡುವುದು, ತರುವುದು, ಹಾಕುವುದು, ಪುಸ್ತಕದಲ್ಲಿ ಬರೆಯುವುದು ಎಲ್ಲ ಅವಳದೇ. ಊರಲ್ಲಿದ್ದರೆ ನನಗೆ ಹೇಳಿ ಹಾಕಿಸುವುದೂ ಅವಳದೇ. ಊಟ ನನಗೆ, ಅಕ್ಕಿ ಕೋಳಿ ತರುವುದರಿಂದ ತಟ್ಟೆ ತೊಳೆಯುವವರೆಗೆ. ಬೆಳಗಿನ ವಾಕಿಂಗ್ ನನ್ನದು, ಸಂಜೆಯದು ಅವಳದು. ಸ್ನಾನ, ಉಗುರು, ಹಾಸಿಗೆ ಬಟ್ಟೆ ನನ್ನದು. ಇಬ್ಬರೂ ಇಲ್ಲದ ದಿನಗಳ ಏರ್ಪಾಡು ಅವಳದು. ಕೈ ಬದಲಾಗಬಹುದು, ಹೊಣೆ ಬದಲಾಗುವುದಿಲ್ಲ. ಇದರ ಲಾಭ ಏನೆಂದರೆ ‘ನೀನು ಮಾಡಿದ್ಯಾ?’ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. ಆ ಪ್ರಶ್ನೆಯೇ ಒಂದು ಕೆಲಸ, ಅದನ್ನು ದಿನವೂ ಕೇಳುವವರಿಗೆ ಅದರ ಭಾರ ಗೊತ್ತು.

ಊಟದಲ್ಲಿ ಸರದಿಯ ತಪ್ಪು ಬೇರೆ ರೀತಿ ಕಾಣಿಸಿತ್ತು. ಔಷಧಿ ಇಬ್ಬರೂ ಬಿಟ್ಟರೆ, ಊಟ ಇಬ್ಬರೂ ಹಾಕುತ್ತಿದ್ದೆವು. ನಾಲ್ಕೂವರೆಗೆ ಅವಳ ಕೈಯಲ್ಲಿ ಉಂಡ ಚಿಕ್ಕಿ ಎಂಟಕ್ಕೆ ನಾನು ಬಂದಾಗ ಬೆಳಗಿನಿಂದ ಉಪವಾಸ ಇದ್ದಂತೆ ತಟ್ಟೆಯ ಮುಂದೆ ಕೂರುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಪಕ್ಕೆಲುಬು ಕೈಗೆ ತಾಗದಷ್ಟು ಮೈ ಬಂತು. ಈಗ ಬೆಳಿಗ್ಗೆಯೇ ಇಡೀ ದಿನದ ಊಟವನ್ನು ಅಳೆದು ಎರಡು ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡುತ್ತೇನೆ. ಡಬ್ಬಿ ಖಾಲಿಯಾಗಿದ್ದರೆ ಊಟವಾಗಿದೆ. ಬಿಸ್ಕತ್ತು, ಚಪಾತಿ ತುಂಡು ಕೊಡುವುದಿದ್ದರೂ ಆ ಡಬ್ಬಿಯಿಂದ ಅಷ್ಟು ತೆಗೆದಿಟ್ಟು ಕೊಡಬೇಕು.

ಇನ್ನು ಹಣ. ಆಗ ನನ್ನ ಸಂಬಳ ತಿಂಗಳಿಗೆ 60 ಸಾವಿರ, ಅವಳದು 30 ಸಾವಿರ. ಮೊದಲು ಎಲ್ಲವನ್ನೂ ಅರ್ಧರ್ಧ ಮಾಡುತ್ತಿದ್ದೆವು. ಅರ್ಧರ್ಧ ಎಂದರೆ ನ್ಯಾಯ ಎಂದೇ ನಾನೂ ತಿಳಿದಿದ್ದೆ. ಡಿಸೆಂಬರಿನಲ್ಲಿ ಚಿಕ್ಕಿಯ ಆಪರೇಷನ್ ಆದಾಗ ಒಂಬತ್ತು ಸಾವಿರದ ಬಿಲ್ಲು ಬಂತು, ತಲಾ ನಾಲ್ಕೂವರೆ ಸಾವಿರ. ಆ ತಿಂಗಳು ಅವಳು ಊರಿಗೆ ಕಳಿಸುವ ದುಡ್ಡು ಕಳಿಸಲಿಲ್ಲ ಎಂದು ನನಗೆ ತಿಳಿದದ್ದು ಜನವರಿಯಲ್ಲಿ. ನನಗೆ ಆ ನಾಲ್ಕೂವರೆ ಸಾವಿರ ಒಂದು ಸೀರೆಯ ಮಾತು, ಅವಳಿಗೆ ಸಂಬಳದ ಏಳನೇ ಒಂದು ಪಾಲು.

ಆಗ ಕೂತು ಲೆಕ್ಕ ಬದಲಿಸಿದೆವು. ತಿಂಗಳ ಊಟಕ್ಕೆ 2,200. ಉಣುಗಿನ ಔಷಧಿ, ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ, ವರ್ಷಕ್ಕೊಮ್ಮೆ ರೇಬೀಸ್ ಮತ್ತು ಇತರ ಲಸಿಕೆ, ಎಲ್ಲ ವರ್ಷಕ್ಕೆ ಕೂಡಿ ಹನ್ನೆರಡರಿಂದ ಭಾಗಿಸಿದರೆ 800. ಕಷ್ಟಕಾಲಕ್ಕೆಂದು ಮುಟ್ಟದೆ ಇಡುವ ಗಂಟು 1,500. ಒಟ್ಟು 4,500. ಸಂಬಳ ಎರಡಕ್ಕೊಂದರ ಲೆಕ್ಕದಲ್ಲಿರುವುದರಿಂದ ನಾನು 3,000, ಅವಳು 1,500. ತಿಂಗಳ ಮೊದಲ ದಿನವೇ ಚಿಕ್ಕಿಯ ಲೆಕ್ಕವೆಂದು ಬೇರೆಯಿಟ್ಟ ಒಂದು ಉಳಿತಾಯ ಖಾತೆಗೆ ಇಬ್ಬರ ದುಡ್ಡೂ ಹೋಗುತ್ತದೆ, ಖರ್ಚೆಲ್ಲ ಅಲ್ಲಿಂದಲೇ. ‘ಕಳೆದ ಸಲ ಕೋಳಿಗೆ ನಾನು ಕೊಟ್ಟಿದ್ದೆ’ ಎಂಬ ಮಾತು ಅಲ್ಲಿಗೆ ನಿಂತಿತು. ಸಂಬಳ ಏರಿದಾಗ ಪಾಲೂ ಬದಲಾಗಬೇಕೆಂದು ಪ್ರತಿ ಏಪ್ರಿಲ್ ನೋಡುತ್ತೇವೆ.

ಜುಲೈಯ ಕಾಯಿಲೆಯಲ್ಲಿ ಈ ಗಂಟಿನ ಪರೀಕ್ಷೆಯಾಯಿತು. ಮೂರು ಸಲದ ರಕ್ತ ಪರೀಕ್ಷೆ, ಗ್ಲೂಕೋಸ್, ಮಾತ್ರೆ ಎಲ್ಲ ಸೇರಿ 11,400 ಆಯಿತು. ಜನವರಿಯಿಂದ ಜೂನ್‌ವರೆಗೆ ಆರು ತಿಂಗಳ 1,500 ಎಂದರೆ ಗಂಟಿನಲ್ಲಿ 9,000 ಇತ್ತು. ಉಳಿದ 2,400ರಲ್ಲಿ ನಾನು 1,600, ಅವಳು 800. ಜೂನ್ ತಿಂಗಳ ಸರದಿ ತನ್ನದಾಗಿತ್ತು, ಪೂರ್ತಿ ತಾನೇ ಕೊಡುತ್ತೇನೆಂದು ಅವಳು ಹಟ ಹಿಡಿದಳು. ನಾನು ಒಪ್ಪಲಿಲ್ಲ. ತಪ್ಪಿಗೆ ದಂಡ ಹಾಕುವ ಮನೆಯಲ್ಲಿ ತಪ್ಪು ಮುಚ್ಚಿಡುವುದು ಶುರುವಾಗುತ್ತದೆ. ‘ಔಷಧಿ ಹಾಕಿಲ್ಲ, ಮರೆತುಹೋಯ್ತು’ ಎಂದು ಹತ್ತು ದಿನ ತಡವಾಗಿಯಾದರೂ ಬಾಯಿಬಿಟ್ಟು ಹೇಳುವಂತಿರಬೇಕು, ಆಗ ನಾಯಿ ಬದುಕುತ್ತದೆ.

ಖಾಸಗಿ ಆಸ್ಪತ್ರೆಯ ಖರ್ಚು ಕೈಮೀರುವಂತಿದ್ದರೆ ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಜಿಲ್ಲೆಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಅಲ್ಲಿ ದುಡ್ಡು ಉಳಿಯುತ್ತದೆ, ಹೊತ್ತು ಹೋಗುತ್ತದೆ. ಬೆಳಿಗ್ಗೆ ಹೋಗಿ ಸರದಿಯಲ್ಲಿ ಕೂರುವವರು ಯಾರು, ಅವರ ರಜೆಗೆ ಬೆಲೆ ಏನು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೆಚ್ಚು ಕೊಡುವವರು ಕಡಿಮೆ ಕೆಲಸ ಮಾಡಬಹುದೇ ಎಂಬ ಪ್ರಶ್ನೆ ನಮ್ಮಲ್ಲೂ ಎದ್ದಿತು. ಸ್ವಲ್ಪ ಮಟ್ಟಿಗೆ ಸರಿ. ಅವಳ ಗಂಟೆಗಳು ಹೆಚ್ಚಿದ್ದವು, ನನ್ನ ರೂಪಾಯಿ ಹೆಚ್ಚಿತ್ತು, ಇಬ್ಬರಿಗೂ ಅದು ಸಮಾಧಾನವಾಗಿತ್ತು. ಆದರೆ ಒಂದು ಕೆಲಸದಿಂದ ದುಡ್ಡು ಕೊಟ್ಟು ತಪ್ಪಿಸಿಕೊಳ್ಳಬಾರದೆಂದು ನನ್ನ ಗಟ್ಟಿ ಅಭಿಪ್ರಾಯ. ಅದು ಮಲ ಎತ್ತುವುದು. ಹಳೇ ಪೇಪರ್ ಹಿಡಿದು ದಿನವೂ ಎತ್ತುವವರಿಗೆ ನಾಯಿಯ ಒಳಗಿನ ಸುದ್ದಿ ಎಲ್ಲರಿಗಿಂತ ಮೊದಲು ಸಿಗುತ್ತದೆ. ಗಟ್ಟಿಯಿದ್ದದ್ದು ಸಡಿಲವಾಯಿತೇ, ಬಣ್ಣ ಡಾಂಬರಿನಂತೆ ಕಪ್ಪಾಯಿತೇ, ಲೋಳೆ ಇದೆಯೇ, ಅಕ್ಕಿಕಾಳಿನಂಥ ಬಿಳಿ ತುಣುಕು ಹರಿದಾಡುತ್ತಿದೆಯೇ. ಆ ಅಕ್ಕಿಕಾಳು ಲಾಡಿಹುಳದ ತುಂಡು. ಕಪ್ಪು ಬಣ್ಣವೆಂದರೆ ಹೊಟ್ಟೆ ಅಥವಾ ಸಣ್ಣ ಕರುಳಿನಲ್ಲಿ ರಕ್ತ ಸೋರಿರಬಹುದು. ಇದನ್ನು ಒಂದು ದಿನವೂ ನೋಡದವರು ಡಾಕ್ಟರ ಮುಂದೆ ಕೂತಾಗ ‘ಚೆನ್ನಾಗೇ ಇತ್ತು ಸಾರ್’ ಎನ್ನುವುದು ಬಿಟ್ಟರೆ ಬೇರೇನೂ ಹೇಳಲಾರರು. ಹಾಗಾಗಿ ವಾರದಲ್ಲಿ ಎರಡು ದಿನವಾದರೂ ಇಬ್ಬರೂ ಈ ಕೆಲಸ ಮಾಡಬೇಕೆಂದು ಬರೆದುಕೊಂಡೆವು.

ಕೆಲಸ ಮತ್ತು ಹಣವಲ್ಲದೆ ಹಂಚಿಕೊಳ್ಳಬೇಕಾದ ಮೂರನೆಯದು ನಿರ್ಧಾರ. ಇದನ್ನು ಹೆಚ್ಚಿನವರು ಮರೆತುಬಿಡುತ್ತಾರೆ. ಆಪರೇಷನ್ನಿಗೆ ಅರಿವಳಿಕೆ ಕೊಡುವ ಮೊದಲು ಆಸ್ಪತ್ರೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಆ ಸಹಿ ಯಾರದು? ಲಸಿಕೆಯ ಪುಸ್ತಕದಲ್ಲಿ ಮಾಲೀಕರ ಹೆಸರಿಗೆ ಒಂದೇ ಗೆರೆ ಇರುತ್ತದೆ. ಚರ್ಮದಡಿ ಹಾಕುವ 15 ಅಂಕಿಯ ಮೈಕ್ರೋಚಿಪ್ಪನ್ನು ನೋಂದಾಯಿಸುವಾಗಲೂ ಕೇಳುವುದು ಒಂದು ಹೆಸರು, ಒಂದು ಫೋನ್ ನಂಬರು. ದತ್ತು ಪತ್ರದಲ್ಲಿ ಅವಳ ಹೆಸರಿತ್ತು. ಲಸಿಕೆ ಪುಸ್ತಕದಲ್ಲಿ ಆ ಒಂದೇ ಗೆರೆಯಲ್ಲಿ ಇಬ್ಬರ ಹೆಸರನ್ನೂ ಎರಡೂ ನಂಬರನ್ನೂ ಸಣ್ಣಕ್ಷರದಲ್ಲಿ ತುಂಬಿಸಿದೆವು.

ಆಮೇಲೆ ನಡುರಾತ್ರಿಯ ಪ್ರಶ್ನೆ. ನಾಯಿ ಗಾಡಿಗೆ ಸಿಕ್ಕಿದೆ, ಇನ್ನೊಬ್ಬರ ಫೋನು ಸಿಗುತ್ತಿಲ್ಲ, ಡಾಕ್ಟರು ಮೂವತ್ತು ಸಾವಿರ ಎನ್ನುತ್ತಾರೆ. ಆಗ ಯೋಚಿಸಲು ಕೂರಲಾಗದು. ನಾವು ಬರೆದುಕೊಂಡದ್ದು ಇಷ್ಟು: ಇಪ್ಪತ್ತು ಸಾವಿರದವರೆಗೆ ಜೊತೆಯಲ್ಲಿರುವವರು ಒಬ್ಬರೇ ತೀರ್ಮಾನಿಸಬಹುದು, ಇನ್ನೊಬ್ಬರು ಆಮೇಲೆ ಪ್ರಶ್ನಿಸುವಂತಿಲ್ಲ. ಅದಕ್ಕೆ ಮೇಲ್ಪಟ್ಟರೆ ಇಬ್ಬರ ಒಪ್ಪಿಗೆ ಬೇಕು. ಉಳಿಯುವ ಆಸೆಯಿಲ್ಲದೆ ನರಳುತ್ತಿರುವ ಪ್ರಾಣಿಗೆ ದಯಾಮರಣ ಕೊಡಿಸುವುದಾದರೆ ಇಬ್ಬರೂ ಎದುರಿರಬೇಕು. ಇನ್ನೊಬ್ಬರು ಬರುವವರೆಗೆ ನೋವು ತಡೆಯಲಾರದೆಂದು ಡಾಕ್ಟರು ಹೇಳಿದರೆ ಮಾತ್ರ ಕಾಯುವ ಅಗತ್ಯವಿಲ್ಲ. ಈ ಕೊನೆಯ ಸಾಲು ಬರೆಯುವಾಗ ಮರಿ ನಮ್ಮ ಕಾಲಬುಡದಲ್ಲಿ ಪೆನ್ನಿನ ಮುಚ್ಚಳ ಕಡಿಯುತ್ತಿತ್ತು. ಗೆಳತಿ ‘ಈಗ್ಲೇ ಯಾಕೆ ಇದೆಲ್ಲ ಬರೀಬೇಕೇ?’ ಎಂದು ಎದ್ದುಹೋಗಿದ್ದಳು. ಮರುದಿನ ತಾನಾಗಿಯೇ ಬಂದು ಸಹಿ ಹಾಕಿದಳು.

ಅದೇ ಹಾಳೆಯ ಕೆಳಗೆ ಇನ್ನೊಂದು ಪ್ರಶ್ನೆಯಿತ್ತು: ನಾವು ಬೇರೆಯಾದರೆ ಚಿಕ್ಕಿ ಯಾರ ಜೊತೆ? ನಾಯಿಯ ಆಯುಷ್ಯ ಹತ್ತರಿಂದ ಹದಿನೈದು ವರ್ಷ. ಬಾಡಿಗೆ ಮನೆಯ ಸ್ನೇಹ ಅಷ್ಟು ದಿನ ಒಂದೇ ಸೂರಿನಡಿ ಇರುವುದು ಅಪರೂಪ. ಮದುವೆ, ವರ್ಗಾವಣೆ, ಮನೆ ಮಾಲೀಕರು ಬದಲಾಗುವುದು, ಏನಾದರೊಂದು ಬಂದೇ ಬರುತ್ತದೆ.

ನಮ್ಮ ದೇಶದಲ್ಲಿ ಸಾಕುಪ್ರಾಣಿ ಯಾರ ಸುಪರ್ದಿಯಲ್ಲಿರಬೇಕೆಂದು ಹೇಳುವ ಪ್ರತ್ಯೇಕ ಕಾನೂನಿಲ್ಲ. ಕಾನೂನಿನ ಕಣ್ಣಿಗೆ ಅದು ಆಸ್ತಿಯಂತೆ. ಸ್ಪೇನ್ 2022ರ ಜನವರಿಯಿಂದ ಸಾಕುಪ್ರಾಣಿಗಳನ್ನು ವಸ್ತುವೆಂದಲ್ಲದೆ ಸಂವೇದನೆಯುಳ್ಳ ಜೀವಿಗಳೆಂದು ಕಾಣುವ ಕಾನೂನು ಜಾರಿಗೆ ತಂದು, ವಿಚ್ಛೇದನದಲ್ಲಿ ಪ್ರಾಣಿಯ ಹಿತ ನೋಡಿ ತೀರ್ಮಾನಿಸಲು ನ್ಯಾಯಾಧೀಶರಿಗೆ ಅವಕಾಶ ಕೊಟ್ಟಿದೆ. ನಮ್ಮಲ್ಲೂ ಕೋರ್ಟುಗಳು ಅಲ್ಲಲ್ಲಿ ಮನಸ್ಸು ತೋರಿವೆ. 2023ರಲ್ಲಿ ಮುಂಬೈನ ಬಾಂದ್ರಾದ ಮ್ಯಾಜಿಸ್ಟ್ರೇಟ್ ಕೋರ್ಟು, ಗಂಡನಿಂದ ಬೇರೆಯಿದ್ದ ಮಹಿಳೆಗೆ ಮಧ್ಯಂತರ ಜೀವನಾಂಶ ನಿಗದಿ ಮಾಡುವಾಗ ಅವರ ಮೂರು ರಾಟ್‌ವೈಲರ್ ನಾಯಿಗಳ ಖರ್ಚನ್ನೂ ಗಣನೆಗೆ ತೆಗೆದುಕೊಂಡಿತು. ಆದರೆ ಗೆಳತಿಯರಿಬ್ಬರ ನಡುವಿನ ನಾಯಿಗೆ ಕೋರ್ಟಿನ ಮೆಟ್ಟಿಲೇರುವವರು ಯಾರು? ಒಂದು ಮಾತು ಮಾತ್ರ ತಿಳಿದಿರಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಮೂರನೇ ಸೆಕ್ಷನ್ ಪ್ರಾಣಿಯ ಕ್ಷೇಮದ ಕರ್ತವ್ಯವನ್ನು ಅದನ್ನು ನೋಡಿಕೊಳ್ಳುತ್ತಿರುವ ಪ್ರತಿಯೊಬ್ಬರ ಮೇಲೂ ಹೊರಿಸುತ್ತದೆ. ದತ್ತು ಪತ್ರದಲ್ಲಿ ನನ್ನ ಹೆಸರಿಲ್ಲ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು ಅದೇ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಹಾಗಾಗಿ ನಾವೇ ಮಾಡಿಕೊಂಡ ಒಪ್ಪಂದ ಹೀಗಿತ್ತು. ಯಾರು ಹೆಚ್ಚು ದುಡ್ಡು ಕೊಟ್ಟರು, ಪತ್ರದಲ್ಲಿ ಯಾರ ಹೆಸರಿದೆ ಎಂದು ನೋಡುವುದು ಬೇಡ. ಹೋಗುವ ಮನೆಯಲ್ಲಿ ನಾಯಿಗೆ ಒಪ್ಪಿಗೆ ಇದೆಯೇ, ಹಗಲು ಅದು ಎಷ್ಟು ಹೊತ್ತು ಒಂಟಿ ಇರುತ್ತದೆ, ಒಬ್ಬರೇ ಖರ್ಚು ಹೊರಬಲ್ಲರೇ, ಈ ಮೂರನ್ನು ನೋಡಬೇಕು. ಮನೆ ಬಿಡುವವರು ಒಂದು ವರ್ಷ ಕಷ್ಟಕಾಲದ ಗಂಟಿಗೆ ತಮ್ಮ ಪಾಲು ಹಾಕುತ್ತಿರಬೇಕು. ವಾರಕ್ಕೊಬ್ಬರ ಮನೆ ಎಂಬ ಏರ್ಪಾಡು ಬೇಡವೆಂದೂ ಬರೆದೆವು. ಕೆಲವು ನಾಯಿಗಳಿಗೆ ಅದು ಹೊಂದುತ್ತದೆ, ಚಿಕ್ಕಿ ಹೊಸ ಜಾಗದಲ್ಲಿ ಮೂರು ದಿನ ಊಟ ಮುಟ್ಟದ ನಾಯಿ.

ಮುಂದಿನ ಫೆಬ್ರವರಿಯಲ್ಲಿ ಅವಳ ಮದುವೆ ನಿಶ್ಚಯವಾಯಿತು. ಹಾಸನದ ಹತ್ತಿರದ ಊರು, ದೊಡ್ಡ ಅಂಗಳ, ಆದರೆ ಅತ್ತೆಗೆ ನಾಯಿಯ ಕೂದಲಿಗೆ ಉಸಿರು ಕಟ್ಟುತ್ತದೆ. ಚಿಕ್ಕಿ ನನ್ನಲ್ಲೇ ಉಳಿಯಿತು. ಹೊರಡುವುದಕ್ಕೆ ಒಂದು ತಿಂಗಳ ಮೊದಲಿಂದಲೇ ಸಂಜೆಯ ವಾಕಿಂಗಿಗೆ ಸಂಬಳದ ಹುಡುಗನನ್ನು ಗೊತ್ತುಮಾಡಿ, ಮೊದಲ ವಾರ ಅವಳೂ ಜೊತೆಗೆ ಹೋದಳು, ಎರಡನೇ ವಾರ ಹತ್ತು ಹೆಜ್ಜೆ ಹಿಂದೆ, ಮೂರನೇ ವಾರ ಗೇಟಿನವರೆಗೆ ಮಾತ್ರ. ಔಷಧಿಯ ಬಾಬತ್ತನ್ನು ನನಗೆ ಒಪ್ಪಿಸುತ್ತ ನೋಟುಬುಕ್ಕಿನಲ್ಲಿ ಮುಂದಿನ ಒಂದು ವರ್ಷದ ತಾರೀಖುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಬರೆದಿಟ್ಟಳು. ತನ್ನ ಹಳೆಯ ಹೊದಿಕೆಯೊಂದನ್ನು ತೊಳೆಯದೆ ಚಿಕ್ಕಿಯ ಮೂಲೆಯಲ್ಲಿ ಹಾಸಿ ಹೋದಳು.

ಅವಳು ಹೋದ ಮೇಲೆ ಗಂಟಿಗೆ ತಿಂಗಳಿಗೆ 500 ಬರುತ್ತಿದೆ, 1,500ರಲ್ಲಿ ಮೂರನೇ ಒಂದು ಪಾಲು. ಮೊದಲ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಆರೂಮುಕ್ಕಾಲಿಗೆ ನಾನು ಚಿಕ್ಕಿಯನ್ನು ತೊಡೆಯ ನಡುವೆ ಹಿಡಿದು ಕೂದಲು ಬಿಡಿಸುತ್ತಿದ್ದಾಗ ಫೋನು ಬಂತು.

‘ಹಾಕಿದ್ಯಾ?’

‘ಹಾಕ್ತಾ ಇದೀನಿ ಕಣೇ. ಟ್ಯೂಬು ಕೈಯಲ್ಲಿದೆ.’

‘ಚರ್ಮಕ್ಕೆ ಬೀಳ್ಬೇಕು, ಕೂದಲಿಗಲ್ಲ. ಎರಡು ದಿನ ಸ್ನಾನ ಮಾಡಿಸ್ಬೇಡ. ಪುಸ್ತಕದಲ್ಲಿ ಬರಿ,’ ಎಂದಳು. ಅವಳ ದನಿ ಕೇಳಿ ಚಿಕ್ಕಿ ಕಿವಿ ನಿಮಿರಿಸಿ ಫೋನಿನ ಹಿಂಬದಿಯನ್ನು ಮೂಸಿತು. ಒಂದು ಹನಿ ಕೂದಲಿಗೆ ಬಿತ್ತು, ಉಳಿದದ್ದು ಚರ್ಮಕ್ಕೆ ಇಳಿಯಿತು.